ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡುವ ಮುನ್ನ

ಮಗಳು ಮೂರನೇ ತರಗತಿಗೆ ಬಂದ ವರ್ಷ ನಾನು ಮತ್ತೆ ಪಾಠ ಮಾಡಲು ಹೊರಟೆ. ಎಂಟು ವರ್ಷ ಮನೆಯಲ್ಲೇ ಇದ್ದವಳು. ಬಿ.ಎಸ್ಸಿ., ಬಿ.ಎಡ್. ಎರಡೂ ಇದ್ದವು, ಗಣಿತವೂ ಕೈಬಿಟ್ಟಿರಲಿಲ್ಲ. ಆದರೂ ಹೊಸಕೆರೆಹಳ್ಳಿಯ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಡೆಮೊ ಪಾಠ ಮಾಡುವಾಗ ಚಾಕ್‌ಪೀಸ್ ಎರಡು ಸಲ ಕೈಯಿಂದ ಜಾರಿತು.

ಶಾಲೆಯ ಕಾರ್ಯದರ್ಶಿ ಅದೇ ಊರಿನವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಶಾಲೆ ನಿಂತಿದೆ. ಕಾಫಿ ತರಿಸಿ ಕೊಟ್ಟು ಮಾತಾಡಿದರು.

“ಪಾಠ ಚೆನ್ನಾಗಿತ್ತಂತೆ ಮೇಡಂ. ಸೋಮವಾರದಿಂದ ಬನ್ನಿ. ಒರಿಜಿನಲ್ ಮಾರ್ಕ್ಸ್ ಕಾರ್ಡು, ಬಿ.ಎಡ್. ಸರ್ಟಿಫಿಕೇಟು ಆಫೀಸಲ್ಲಿ ಕೊಟ್ಬಿಡಿ.”

“ನೋಡಿ ವಾಪಸ್ ಕೊಡ್ತೀರಲ್ವಾ ಸಾರ್?”

“ಇಲ್ಲ, ನೀವು ಕೆಲಸ ಬಿಡೋವರ್ಗೂ ನಮ್ಮತ್ರನೇ ಇರತ್ತೆ. ಎಲ್ರದ್ದೂ ಹಂಗೇ. ಬೀರುವಲ್ಲಿ ಸೇಫಾಗಿರತ್ತೆ, ಯೋಚ್ನೆ ಮಾಡ್ಬೇಡಿ.”

ಸಹಿಗೆಂದು ಮುಂದಿಟ್ಟ ಕರಾರು ಪತ್ರವನ್ನು ಮನೆಗೆ ಒಯ್ದು ಓದುತ್ತೇನೆ ಎಂದೆ. ಇದುವರೆಗೆ ಯಾರೂ ಕೇಳಿರಲಿಲ್ಲವೇನೋ, ಗುಮಾಸ್ತೆ ತಲೆಯೆತ್ತಿ ನೋಡಿದಳು. ಕಾರ್ಯದರ್ಶಿ ಒಂದು ಜೆರಾಕ್ಸ್ ಪ್ರತಿ ಕೊಡಿಸಿದರು.

ತಿಲಕ್ ನಗರದ ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿದ್ದಾರೆ. ಮೂವತ್ತು ವರ್ಷ ಖಾಸಗಿ ಶಾಲೆಯಲ್ಲಿ ದುಡಿದವರು. ಅವರು ಪೆನ್ಸಿಲ್ ಹಿಡಿದು ಪತ್ರವನ್ನು ಸಾಲುಸಾಲಾಗಿ ಓದಿದರು.

“ಇಲ್ನೋಡು, ಹನ್ನೊಂದೇ ತಿಂಗಳು. ಮೇ ತಿಂಗಳಿಗೆ ಸಂಬಳ ಇಲ್ಲ. ನೀನು ಬಿಡ್ಬೇಕಾದ್ರೆ ಮೂರು ತಿಂಗಳ ನೋಟೀಸು, ಅವರು ಯಾವಾಗ ಬೇಕಾದ್ರೂ ತೆಗೀಬಹುದು. ಯಾವ ಕ್ಲಾಸಿಗೆ ಅಂತಾನೇ ಬರ್ದಿಲ್ಲ. ಹೈಸ್ಕೂಲಿಗೆ ನಿನ್ನ ಬಿ.ಎಡ್. ಸಾಕು. ಆರು, ಏಳಕ್ಕೆ ಹಾಕಿದ್ರೆ ಟಿಇಟಿ, ಅದೇ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಿರ್ಬೇಕು. ನೀನು ಬರ್ದಿಲ್ವಲ್ಲ?”

“ಇಲ್ಲ ಮೇಡಂ. ಅವರು ಹೇಳಿದ ಸಂಬಳ ಸರಿಯಾಗಿದ್ಯಾ?”

“ಸರ್ಕಾರಿ ಸ್ಕೇಲಿಗೆ ಸಮ ಇರ್ಬೇಕು ಅಂತ ಶಾಲೆಗೆ ಮಾನ್ಯತೆ ಕೊಡೋ ಬೋರ್ಡಿನವರ ನಿಯಮ. ಅಷ್ಟು ಕೊಡೋರು ಕಮ್ಮಿ. ಸುತ್ತಮುತ್ತ ಏನು ಕೊಡ್ತಾರೆ ಕೇಳು, ಪಿ.ಎಫ್. ಇದ್ಯಾ ಕೇಳು.”

ಒರಿಜಿನಲ್‌ಗಳ ವಿಷಯ ಬಂದಾಗ ಅವರು ಪೆನ್ಸಿಲ್ ಕೆಳಗಿಟ್ಟರು.

“ನಾನೂ ಇಟ್ಕೊಂಡಿದ್ದೆ ಕಣಮ್ಮ. ಮ್ಯಾನೇಜ್‌ಮೆಂಟ್ ಹೇಳಿದ್ರು, ಬೀರುವಿನ ಬೀಗದ ಕೈ ನನ್ನತ್ರ ಇತ್ತು. ವಿಜ್ಞಾನದ ಟೀಚರ್ ಒಬ್ಳಿಗೆ ಸರ್ಕಾರಿ ಕೆಲ್ಸಕ್ಕೆ ದಾಖಲೆ ಪರಿಶೀಲನೆ ಬಂತು. ಒರಿಜಿನಲ್ ತಗೊಂಡೇ ಹೋಗ್ಬೇಕು. ಮಕ್ಕಳ ಪರೀಕ್ಷೆ ಹತ್ರ ಬಂದಿದೆ, ಈಗ ಕೊಟ್ರೆ ಬಿಟ್ಟು ಹೋಗ್ತಾಳೆ ಅಂದ್ರು ಮ್ಯಾನೇಜ್‌ಮೆಂಟಿನವರು. ನಾನು ಬೀಗ ತೆಗೀಲಿಲ್ಲ. ಅವಳಿಗೆ ಆ ಕೆಲ್ಸ ತಪ್ಪೋಯ್ತು.”

ಅವರನ್ನು ಅದುವರೆಗೆ ತಪ್ಪೇ ಮಾಡದವರೆಂದು ತಿಳಿದಿದ್ದೆ.

“ಆಮೇಲೆ ಅವಳು ನಂಜೊತೆ ಮಾತಾಡ್ಲಿಲ್ಲ. ಬೈದಿದ್ರೂ ಸಮಾಧಾನ ಆಗ್ತಿತ್ತು,” ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮರುದಿನ ಬನಶಂಕರಿ, ಜೆ.ಪಿ. ನಗರದ ಶಾಲೆಗಳಲ್ಲಿದ್ದ ಮೂವರು ಹಳೆಯ ಸಹಪಾಠಿಗಳಿಗೆ ಫೋನ್ ಮಾಡಿ ವಿಚಾರಿಸಿದೆ. ಹೊಸಕೆರೆಹಳ್ಳಿಯವರು ಹೇಳಿದ ಸಂಬಳ ಅವರದಕ್ಕಿಂತ ತುಸು ಮೇಲೇ ಇತ್ತು. ಹನ್ನೆರಡು ತಿಂಗಳಿಗೆ ಹಂಚಿದರೆ ಕಡಿಮೆಯಾಗುತ್ತಿತ್ತು.

ಕಾರ್ಯದರ್ಶಿಗಳ ಬಳಿ ಹೋಗಿ ಕೇಳಬೇಕಾದ್ದನ್ನೆಲ್ಲ ಕೇಳಿದೆ. ಅವರು ಸಿಟ್ಟಾಗಲಿಲ್ಲ. ನೋಟೀಸನ್ನು ಎರಡೂ ಕಡೆಗೆ ಒಂದೇ ತಿಂಗಳು ಮಾಡೋಣ, ಒಂಬತ್ತು, ಹತ್ತಕ್ಕೆ ಎಂದು ಬರೆಸೋಣ ಎಂದರು.

“ಆದ್ರೆ ಒರಿಜಿನಲ್ ಇಲ್ದೆ ಆಗಲ್ಲ ಮೇಡಂ. ಹೋದ ವರ್ಷ ಇಬ್ರು ನಡುವರ್ಷ ಹೇಳ್ದೆ ಬಿಟ್ಟೋದ್ರು. ಮಕ್ಕಳ ತಂದೆತಾಯಿ ನನ್ನ ಹಿಡ್ಕೊಂಡ್ರು. ನಂದೂ ಒಂದು ಕಷ್ಟ ಇದೆ.”

ಅವರ ಕಷ್ಟ ಸುಳ್ಳಲ್ಲ ಎನಿಸಿತು. ಆದರೆ ಅದಕ್ಕೆ ನನ್ನ ಸರ್ಟಿಫಿಕೇಟುಗಳು ಒತ್ತೆಯಾಗುವುದು ಬೇಡವಾಗಿತ್ತು. “ಬರಲ್ಲ ಸಾರ್, ಕ್ಷಮಿಸಿ,” ಎಂದು ಹೇಳಿ ಹೊರಬಂದೆ. ಬಸ್‌ಸ್ಟಾಪಿನಲ್ಲಿ ಮಾತ್ರ ಬಂದ ಎರಡು ಬಸ್ಸುಗಳನ್ನು ಹತ್ತದೆ ಬಿಟ್ಟೆ. ಎಂಟು ವರ್ಷದ ಮೇಲೆ ಸಿಕ್ಕ ಕೆಲಸ.

ಮೂರು ವಾರ ಯಾವ ಶಾಲೆಯಿಂದಲೂ ಕರೆ ಬರಲಿಲ್ಲ. “ಅಲ್ಲೇ ಸೇರ್ಕೊಂಡಿದ್ರೆ?” ಎಂಬ ಪ್ರಶ್ನೆ ಊಟದ ಹೊತ್ತಿಗೆ ನನ್ನೊಳಗೇ ಕೇಳಿಸುತ್ತಿತ್ತು.

ಆಮೇಲೆ ಬಿಳೇಕಹಳ್ಳಿಯ ಶಾಲೆಯೊಂದು ಕರೆಯಿತು. ಸಂಬಳ ತಿಂಗಳಿಗೆ ಸ್ವಲ್ಪ ಕಡಿಮೆ, ಆದರೆ ವರ್ಷಪೂರ್ತಿ. ಪಿ.ಎಫ್. ಇತ್ತು, ನೇಮಕಾತಿ ಆದೇಶದಲ್ಲಿ ತರಗತಿಯೂ ವಿಷಯವೂ ಸ್ಪಷ್ಟವಾಗಿದ್ದವು. ಗುಮಾಸ್ತರು ನನ್ನ ಒರಿಜಿನಲ್‌ಗಳನ್ನು ಜೆರಾಕ್ಸಿಗೆ ಹೋಲಿಸಿ, ಸೀಲು ಒತ್ತಿ, ಅಲ್ಲೇ ಹಿಂದಿರುಗಿಸಿದರು. ಐದು ನಿಮಿಷದ ಕೆಲಸ.

ಸಂಜೆ ಆದೇಶವನ್ನು ಕೆಳಗಿನ ಮನೆಯ ಮೇಡಂಗೆ ತೋರಿಸಿದೆ. ಅವರು ಪೂರ್ತಿ ಓದಿದರು.

“ಸರಿಯಾಗಿದೆ. ಇನ್ನು ಟಿಇಟಿಗೂ ಅರ್ಜಿ ಹಾಕು. ನಾಳೆ ಏಳನೇ ಕ್ಲಾಸು ತಗೊಳ್ಳಿ ಅಂದ್ರೆ ಯಾರ ಮುಖನೂ ನೋಡೋ ಹಾಗಾಗ್ಬಾರ್ದು.”

ಈಗ ಮಗಳು ಹೋಂವರ್ಕ್‌ಗೆ ಕೂತಾಗ ಅವಳ ಪಕ್ಕ ನಾನೂ ಟಿಇಟಿ ಪುಸ್ತಕ ಬಿಚ್ಚಿಕೊಂಡು ಕೂರುತ್ತೇನೆ.