ತಣ್ಣೀರಿಗೆ ಸುಮ್ಮನಿದ್ದ ಪಂಪು

ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ ಕಬ್ಬಿಣದ ಬಿಡಿಭಾಗಗಳಿಗೆ ಬಣ್ಣ ಹೊಡೆಯುವ ಮೊದಲು ಬಿಸಿನೀರಿನ ಸ್ನಾನ ಆಗಬೇಕು. ನೀರು ನೆಲದೊಳಗಿನ ಸಂಪಿನಲ್ಲಿ ಎಪ್ಪತ್ತು ಡಿಗ್ರಿಗೆ ಕಾಯುತ್ತಿರುತ್ತದೆ. ಅದನ್ನು ಮೇಲಕ್ಕೆ ತರುವ ಪಂಪನ್ನು ಸಂಪಿನ ಪಕ್ಕದಲ್ಲಿ, ನೆಲದ ಮೇಲೆ ಕೂರಿಸಿದ್ದರು. ಕೂರಿಸಿದಾಗಿನಿಂದಲೂ ಅದರ ಹೊಟ್ಟೆಯಲ್ಲಿ ಜಲ್ಲಿ ಉರುಳಿದಂಥ ಸದ್ದು. ಪಕ್ಕದಲ್ಲಿ ನಿಂತವರ ಹಲ್ಲು ಜುಮ್ಮೆನ್ನುತ್ತಿತ್ತು.

ನಾನು ಅಲ್ಲಿ ನೀರು, ಹಬೆ, ಗಾಳಿ ನೋಡಿಕೊಳ್ಳುವ ಇಂಜಿನಿಯರ್. ಊರು ಉದ್ದನಪಲ್ಲಿ, ದಿನಾ ಕಂಪನಿ ಬಸ್ಸಿನಲ್ಲಿ ಓಡಾಟ. ಪಂಪಿನ ಜಾಗ ಗೊತ್ತುಮಾಡುವಾಗ ನನ್ನನ್ನು ಯಾರೂ ಕೇಳಲಿಲ್ಲ. ನಮ್ಮ ಮ್ಯಾನೇಜರ್ ಸಾಹೇಬರು ಚೆನ್ನೈನ ಕಾರ್ಖಾನೆಯಿಂದ ನಕ್ಷೆ ತಂದು, ಒಂದು ಗೆರೆಯನ್ನೂ ಬದಲಿಸದೆ ಇಲ್ಲಿ ಕಟ್ಟಿಸಿದರು. ಅಲ್ಲಿ ಓಡಿದ್ದು ಇಲ್ಲಿ ಓಡದೇ ಇರುತ್ತದೆಯೇ ಎಂಬುದು ಅವರ ಮಾತು. ಆ ಮನುಷ್ಯನಿಗೆ ತಾನು ಮಾಡಿದ್ದು ತಪ್ಪಿರಬಹುದು ಎಂಬ ಯೋಚನೆ ಕನಸಿನಲ್ಲೂ ಬಂದಿರಲಾರದು.

ಪಂಪನ್ನು ಜೋಡಿಸಿದವನು ನಾಟ್ರಾಂಪಾಳ್ಯದ ಕಡೆಯ ಫಿಟ್ಟರ್. ನನಗಿಂತ ದೊಡ್ಡವನು, ನಾನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ಅವ್ವ ಎನ್ನುತ್ತಿದ್ದ. ವರ್ಷಗಟ್ಟಲೆ ಕಾಂಟ್ರಾಕ್ಟಿನಲ್ಲೇ ದುಡಿದವನು. ಆ ಸಲ ಪರ್ಮನೆಂಟ್ ಆಗುವವರ ಸಾಲಿನಲ್ಲಿ ಅವನ ಹೆಸರೂ ಇತ್ತು. ಹೆಂಡತಿಗೆ, ಅತ್ತೆ ಮನೆಗೆ, ಟೀ ಅಂಗಡಿಯವನಿಗೆ, ಎಲ್ಲರಿಗೂ ಹೇಳಿಬಿಟ್ಟಿದ್ದ.

ಸದ್ದು ಜೋರಾದಾಗ ಪಂಪು ಬಿಚ್ಚಿದೆವು. ಒಳಗೆ ತಿರುಗುವ ಚಕ್ರ, ಇಂಪೆಲ್ಲರ್, ಗೆದ್ದಲು ತಿಂದ ಹಲಗೆಯಂತೆ ತೂತು ತೂತಾಗಿತ್ತು. ಅಣ್ಣನೇ ಹೋಗಿ ಡೀಲರ್ ಹತ್ತಿರ ಹೊಸದು ತಂದು ಹಾಕಿದ. ಕೆಲವೇ ವಾರಗಳಲ್ಲಿ ಅದೂ ಹಾಗೇ ಆಯಿತು. ಮ್ಯಾನೇಜರ್ ಅದನ್ನು ಕೈಯಲ್ಲಿ ಹಿಡಿದು, ಇಡೀ ಶಿಫ್ಟಿನ ಮುಂದೆ ತಮಿಳಿನಲ್ಲಿ ಹೇಳಿದ ಮಾತು ಇದು:

"ಒರಿಜಿನಲ್ ಆಗಿದ್ದರೆ ಹೀಗೆ ಸವೆಯುತ್ತಾ? ಒರಿಜಿನಲ್ ಮಾರಿಕೊಂಡು ಗುಜರಿಯದನ್ನ ತಂದು ಹಾಕಿದ್ದೀಯ. ಕಳ್ಳ ನನ್ಮಗನೇ."

ಅಣ್ಣ ಬಿಲ್ಲು ತೋರಿಸಿದ. ಬಿಲ್ಲು ಯಾರು ಬೇಕಾದರೂ ಬರೆಸಬಹುದು ಎಂದರು. ಸುತ್ತ ನಿಂತವರಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ಮರುದಿನದಿಂದ ಅವನು ಸ್ಟೋರಿನ ಬಾಗಿಲಿಗೆ ಹೋದರೆ, "ಬಂದ ನೋಡ್ಲಾ, ಬೀಗ ಹಾಕು" ಎಂದು ಚೇಷ್ಟೆ. ಜೊತೆಯಲ್ಲಿ ಉಂಡವರೇ ಹಾಗೆ ಅನ್ನುತ್ತಿದ್ದರು.

ನಾನು ಸಂಪಿನ ಬಾಯಲ್ಲಿ ಕೂತು ಟೇಪು ಇಳಿಬಿಟ್ಟು ಅಳತೆ ತೆಗೆದೆ. ಪಂಪು ನೀರನ್ನು ಎಳೆದುಕೊಳ್ಳುತ್ತದೆ ಎಂದು ನಾವು ಅನ್ನುತ್ತೇವೆ, ಅದು ಬಾಯಿಮಾತು. ನಿಜವಾಗಿ ಸಂಪಿನ ನೀರನ್ನು ಅದುಮಿ ಪೈಪಿನೊಳಗೆ ಏರಿಸುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರದ ದಂಡೆಯ ಚೆನ್ನೈನಲ್ಲಿ ಆ ಒತ್ತಡ ಇಂಥ ಬಿಸಿನೀರನ್ನು ಸುಮಾರು ಹತ್ತೂವರೆ ಮೀಟರ್ ಎತ್ತುವಷ್ಟಿದೆ. ಹೊಸೂರು ಎತ್ತರದ ಊರು, ಗಾಳಿ ತೆಳು, ಇಲ್ಲಿ ಒಂಬತ್ತೂವರೆಯಷ್ಟೇ. ಎಪ್ಪತ್ತು ಡಿಗ್ರಿಯ ನೀರು ತಾನೇ ಆವಿಯಾಗಲು ಹವಣಿಸುತ್ತಿರುತ್ತದೆ, ಅದಕ್ಕೆ ಮೂರೂಕಾಲು ಕಳೆಯಬೇಕು. ಸಂಪಿನಲ್ಲಿ ನೀರು ತೀರಾ ಇಳಿದಾಗಿನ ಮಟ್ಟದಿಂದ ಪಂಪಿನ ನಡುವಿಗೆ ಎರಡೂವರೆ. ಜಾಲರಿ, ವಾಲ್ವು, ಬಗ್ಗಿದ ಪೈಪು ನುಂಗುವುದು ಒಂದೂಕಾಲು. ಉಳಿದದ್ದು ಎರಡೂವರೆ ಮೀಟರ್. ಪಂಪು ಮಾಡಿದವರ ಕೈಪಿಡಿ ನೋಡಿದರೆ, ಒಳಬಾಯಿಯಲ್ಲಿ ಕನಿಷ್ಠ ಮೂರು ಬೇಕು. ಚೆನ್ನೈನಲ್ಲಿ ಮೂರೂವರೆ ಸಿಗುತ್ತಿತ್ತು, ಅಲ್ಲಿ ಅದು ಬಚಾವಾಗಿತ್ತು.

ಅರ್ಧ ಮೀಟರ್ ಕಮ್ಮಿಯಾದರೆ ನೀರು ಪಂಪಿನೊಳಗೇ ಕುದಿಯುತ್ತದೆ. ಗುಳ್ಳೆ ಏಳುತ್ತವೆ, ಚಕ್ರದ ಮೇಲೆ ಒತ್ತಡ ಹೆಚ್ಚುವ ಕಡೆ ಬಂದು ಪಟಪಟ ಒಡೆಯುತ್ತವೆ, ಒಡೆದಾಗಲೆಲ್ಲ ಲೋಹ ಚೂರು ಚೂರಾಗಿ ಹೋಗುತ್ತದೆ. ಜಲ್ಲಿಯ ಸದ್ದು ಅದೇ. ಒರಿಜಿನಲ್ ಹಾಕಲಿ, ಚಿನ್ನದ್ದೇ ಹಾಕಲಿ, ಸವೆಯಲೇಬೇಕು. ಇಷ್ಟು ನೋಡಿಕೊಳ್ಳಲು ಒಂದು ಟೀ ಕುಡಿಯುವಷ್ಟು ಹೊತ್ತು ಸಾಕಿತ್ತು. ಅಷ್ಟನ್ನೂ ಮಾಡದೆ ಒಬ್ಬನನ್ನು ಕಳ್ಳ ಎಂದ ಬಾಯಿಗೆ ಏನು ಹಾಕಬೇಕೋ!

ಲೆಕ್ಕ ತೋರಿಸಿದರೆ ಮ್ಯಾನೇಜರ್ ಕಿವಿ ಮೇಲೆ ಹಾಕಿಕೊಳ್ಳುವವರಲ್ಲ ಎಂದು ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಓಡಿಸಿಯೇ ತೋರಿಸುತ್ತೇನೆ, ಬನ್ನಿ ಸಾರ್ ಎಂದೆ. ಭಾನುವಾರ ರಜೆ, ಅಷ್ಟರಲ್ಲಿ ಸಂಪಿನ ನೀರು ತಣ್ಣಗಾಗಿರುತ್ತದೆ. ಅಣ್ಣನಿಗೂ ಹೇಳಿದೆ, "ಸೋಮವಾರದ ತನಕ ತಡ್ಕೊಳ್ಳಣ್ಣ, ನಿನ್ನ ಮೇಲಿನ ಮಾತು ತೊಳೆದು ಹೋಗ್ತದೆ." ಅವನು ಆಗಲಿ ಎಂದು ತಲೆಯಾಡಿಸಿದ.

ಸೋಮವಾರ ಮ್ಯಾನೇಜರ್ ಬಂದರು, ಕೈಕಟ್ಟಿಕೊಂಡು ನಿಂತರು. ನನ್ನ ಮಾತಿನಂತೆ ಅಣ್ಣ ಪಂಪು ಚಾಲೂ ಮಾಡಿದ. ಅದೇ ತೂತು ಬಿದ್ದ ಚಕ್ರ, ಅದೇ ಪೈಪು. ತಣ್ಣೀರಿಗೆ ಒಂದು ಚೂರೂ ಸದ್ದಿಲ್ಲ. ಸಂಪಿಗೆ ಹಬೆ ಬಿಡಿಸಿದೆ. ನೀರು ಕಾಯುತ್ತಾ ಬಂತು. ಅರವತ್ತು ದಾಟಿದ ಮೇಲೆ ಒಳಗೆ ಮೆಲ್ಲಗೆ ಕರಕರ ಶುರುವಾಯಿತು, ಎಪ್ಪತ್ತಕ್ಕೆ ಜಲ್ಲಿ ಉರುಳಿತು. ನಾನು ಗೆದ್ದೆ ಅಂದುಕೊಂಡು ಒಂದೊಂದೇ ಅಂಕಿ ಬಿಡಿಸಿ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಅಣ್ಣ ಮಾತ್ರ ನನ್ನ ಮುಖ ನೋಡಲೇ ಇಲ್ಲ. ನಾಚಿಕೆ ಅಂದುಕೊಂಡೆ.

"ಲೆಕ್ಕ ಸರಿಯಾಗಿದೆಯಮ್ಮ" ಎಂದರು ಮ್ಯಾನೇಜರ್. "ಪಂಪು ಕೆಳಗಿಳಿಸೋಣ. ಆದರೆ ಇವನು ಶನಿವಾರವೇ ಒಪ್ಪಿಕೊಂಡಿದ್ದಾನಲ್ಲ."

"ಏನನ್ನ?"

"ಕದ್ದೆ ಅಂತ. ನೀನು ಬಸ್ಸು ಹತ್ತಿದ ಮೇಲೆ, ಎಲ್ಲರ ಮುಂದೆ ಹೇಳಿದ. ಕೇಳು ಬೇಕಾದರೆ."

ನಾನು ಅಣ್ಣನ ಕಡೆ ತಿರುಗಿದೆ. ಅವನು ಕೈಯ ಎಣ್ಣೆ ಒರೆಸುತ್ತಾ ನಿಂತಿದ್ದ.

"ಒಪ್ಕೊಂಡ್ರೆ ದಂಡ ಹಾಕಿ ಬಿಟ್ಬುಡ್ತೀವಿ, ಪರ್ಮನೆಂಟೂ ಮಾಡ್ತೀವಿ, ಇಲ್ದಿದ್ರೆ ಪೊಲೀಸ್ಗೆ ಕೊಡ್ತೀವಿ ಅಂದ್ರು ಕಣವ್ವ. ಅದ್ಕೇ ಹೂಂ ಅಂದ್ಬುಟ್ಟೆ."

"ಅಯ್ಯೋ ಅಣ್ಣ, ಎರಡು ದಿನ ತಡಿಯೋಕಾಗ್ಲಿಲ್ವಾ!" ಎಂದು ಕಿರುಚಿಬಿಟ್ಟೆ. ಆಮೇಲೆ ಮ್ಯಾನೇಜರ್ ಕಡೆಗೆ, "ಸಾರ್, ಈಗ ನೀವೇ ಕಣ್ಣಾರೆ ನೋಡಿದಿರಿ, ಇವನು ಕದ್ದಿಲ್ಲ" ಎಂದೆ.

"ಹೌದು, ಕದ್ದಿಲ್ಲ" ಎಂದರು ಅವರು, ಬಹಳ ಸಮಾಧಾನವಾಗಿ. "ಹಾಗಾದರೆ ಕಂಪನಿಯ ಎದುರು ಸುಳ್ಳು ಹೇಳಿದ. ಕದ್ದಿದ್ದರೆ ಕಳ್ಳ, ಕದಿಯದೆ ಕದ್ದೆ ಅಂದರೆ ಸುಳ್ಳ. ಎರಡರಲ್ಲಿ ಯಾವುದನ್ನ ಪರ್ಮನೆಂಟ್ ಮಾಡಲಿ, ನೀನೇ ಹೇಳಮ್ಮ."

ನಾನು ಹೋಗಿ ಪಂಪಿನ ಸ್ವಿಚ್ಚು ಆರಿಸಿದೆ.

ಅಲ್ಲಿಗೂ ಬಿಡಲಿಲ್ಲ ಆ ಮನುಷ್ಯ. ಸಂಪಿನ ಪಕ್ಕ ಗುಂಡಿ ತೋಡಿ ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಬೇಕಿತ್ತು. ಮೋಟಾರಿಗೂ ಪಂಪಿಗೂ ಕೂದಲೆಳೆ ವ್ಯತ್ಯಾಸ ಬಾರದಂತೆ ಜೋಡಿಸುವ ಕೈ ನಮ್ಮಲ್ಲಿ ಅಣ್ಣನದೊಂದೇ. "ಆ ಕೆಲಸ ಮುಗಿಸು, ಆಮೇಲೆ ನೋಡೋಣ" ಎಂದರು ಅವನಿಗೆ. ಆ "ನೋಡೋಣ"ವನ್ನು ಅವನು ನಂಬಿದ. ವಾರವಿಡೀ ಗುಂಡಿಯಲ್ಲೇ ಇದ್ದ. ಬೇಡಣ್ಣ, ಎದ್ದು ಹೋಗು, ಇವರಿಗೆ ಮಾಡಿಕೊಡಬೇಡ ಎಂದರೆ, "ಚೆನ್ನಾಗ್ ಮಾಡುದ್ರೆ ಮನ್ಸು ಕರಗ್ತದೆ ಕಣವ್ವ" ಎಂದ. ಥೂ, ಅವನ ಮೇಲೂ ಸಿಟ್ಟು ಬಂತು ನನಗೆ.

ಹೊಸ ಚಕ್ರ ಹಾಕಿ, ಎಪ್ಪತ್ತು ಡಿಗ್ರಿಯ ನೀರು ಬಿಟ್ಟು ಚಾಲೂ ಮಾಡಿದ. ಪಂಪು ಓಡುತ್ತಿದೆಯೋ ಇಲ್ಲವೋ ಗೊತ್ತಾಗದಷ್ಟು ಮೆತ್ತಗೆ ತಿರುಗಿತು. ಅಣ್ಣ ಗುಂಡಿಯಿಂದಲೇ ತಲೆಯೆತ್ತಿ ಮ್ಯಾನೇಜರ್ ಮುಖ ನೋಡಿ ನಕ್ಕ. ಅವರು ಬಗ್ಗಿ ಕಿವಿಗೊಟ್ಟು ಕೇಳಿದರು, ಚೆನ್ನಾಗಿದೆ ಎಂದರು, ಕೈ ಚಾಚಿದರು. ಮೇಲಕ್ಕೆ ಹತ್ತಿಸಲು ಎಂದುಕೊಂಡು ಅವನೂ ಕೈ ಕೊಟ್ಟ.

"ಕೈ ಅಲ್ಲ" ಎಂದರು ಮ್ಯಾನೇಜರ್. "ಐಡಿ ಕಾರ್ಡ್."