ಆಟೋ ಕಾಯುವಷ್ಟು ಹೊತ್ತಿನಲ್ಲಿ

ಪದ್ಮಾವತಿಗೆ ಚಿಕ್ಕದಾಗಿ ಮಾತಾಡಲು ಬರುವುದಿಲ್ಲ ಎಂಬುದು ಲಕ್ಷ್ಮೀಪುರಂನ ಅರ್ಧ ಜನಕ್ಕೆ ಗೊತ್ತಿತ್ತು. ಮೇಟಗಳ್ಳಿಯ ಕೈಮಗ್ಗ ನೇಕಾರರ ಸಹಕಾರ ಸಂಘಕ್ಕೆ ಲಕ್ಷ್ಮೀಪುರಂನಲ್ಲಿ ಒಂದು ಮಾರಾಟ ಮಳಿಗೆ ಇದೆ. ಭುಜದ ನೋವಿನಿಂದ ಮಗ್ಗ ಬಿಟ್ಟ ಮೇಲೆ ಪದ್ಮಾವತಿ ಅಲ್ಲಿನ ಕೌಂಟರಿಗೆ ಬಂದು ಕೂತವಳು. ಟವೆಲ್ ಕೇಳಲು ಬಂದವರಿಗೆ ನೂಲು ಎಲ್ಲಿಂದ ಬರುತ್ತೆ, ಗಂಜಿ ಯಾಕೆ ಹಾಕ್ತಾರೆ, ಬಿಸಿಲು ಜಾಸ್ತಿಯಾದರೆ ಎಳೆ ಯಾಕೆ ತುಂಡಾಗುತ್ತೆ ಎಂದೆಲ್ಲ ಹೇಳಿ, ಒಂದು ಲೋಟ ಮಜ್ಜಿಗೆ ಕುಡಿಸಿ ಕಳಿಸುತ್ತಿದ್ದಳು. ಜನ ನಗುತ್ತಾ ಕೇಳುತ್ತಿದ್ದರು, ಹೋಗುವಾಗ ಇನ್ನೊಂದು ಟವೆಲ್ ಜಾಸ್ತಿಯೇ ಒಯ್ಯುತ್ತಿದ್ದರು.

ಆದರೆ ಬರುವವರೇ ಕಡಿಮೆಯಾಗಿದ್ದರು. ಪವರ್‌ಲೂಮಿನ ಸೀರೆಗೆ ಕೈಮಗ್ಗ ಎಂದು ಚೀಟಿ ಅಂಟಿಸಿ ಅರ್ಧ ಬೆಲೆಗೆ ಕೊಡುವವರು ಊರ ತುಂಬ. ಆ ವರ್ಷದ ಕೈಮಗ್ಗ ಮೇಳದಲ್ಲಿ ದೊಡ್ಡ ಪರದೆಯ ಮೇಲೆ ಪ್ರತಿ ಸಂಘದ ಕಿರುಚಿತ್ರ ತೋರಿಸುತ್ತೇವೆ, ಮೂವತ್ತು ಸೆಕೆಂಡು, ಅದರ ಮೇಲೆ ಒಂದು ಕ್ಷಣವೂ ಇಲ್ಲ ಎಂದು ಮೇಳದವರು ಹೇಳಿ ಕಳಿಸಿದರು. ಅದೇ ಚಿತ್ರವನ್ನು ಫೋನುಗಳಿಗೂ ಹರಿಬಿಡಬಹುದು. ಸಂಘದ ಅಧ್ಯಕ್ಷ ಕೃಷ್ಣಪ್ಪನವರು ಲಷ್ಕರ್ ಮೊಹಲ್ಲಾದ ಗುರುಕಿರಣ್‌ನನ್ನು ಕರೆಸಿದರು. ಮದುವೆ ವಿಡಿಯೋ ತೆಗೆದು ಹೆಸರು ಮಾಡಿದ ಹುಡುಗ, ಕೆಲಸದಲ್ಲಿ ಶ್ರದ್ಧೆ.

"ಮಾತು ಯಾರು ಹೇಳ್ತಾರೆ?" ಎಂದ ಗುರುಕಿರಣ್.

ಸಂಘದ ಮಗ್ಗದ ಶೆಡ್ಡಿನ ಹೆಂಗಸರೆಲ್ಲ ಒಟ್ಟಿಗೇ, "ನಮ್ ಪದ್ಮಕ್ಕ!" ಎಂದರು.

ಪದ್ಮಾವತಿ ಹೊಸ ಸೀರೆ ಉಟ್ಟು ಬಂದಳು. ಕ್ಯಾಮೆರಾ ಮುಂದೆ ನಿಂತು ಬಾಯಿ ತೆರೆದವಳು, ನೂಲಿನ ಗಿರಣಿ ಮುಚ್ಚಿದ ಕಥೆಯ ಅರ್ಧಕ್ಕೆ ಬರುವ ಹೊತ್ತಿಗೇ ಗುರುಕಿರಣ್ ಕೈಯೆತ್ತಿದ. "ಅಕ್ಕಾ, ಇಷ್ಟರಲ್ಲಿ ನಾಲ್ಕು ಚಿತ್ರ ಮುಗೀತಿತ್ತು." ಇನ್ನೊಮ್ಮೆ, ಮತ್ತೊಮ್ಮೆ. ಒಂದನ್ನು ಬಿಟ್ಟರೆ ಇನ್ನೊಂದು ನೆನಪಾಗುತ್ತಿತ್ತು. ಬಣ್ಣ ಹಾಕುವವರನ್ನು ಬಿಟ್ಟರೆ ಅವರಿಗೆ ಬೇಜಾರಾಗುವುದಿಲ್ಲವೇ? ಕೊನೆಗೆ ಹೆಂಗಸರು ಮುಖ ತಿರುಗಿಸಿಕೊಂಡು ನಗುವುದು ಪದ್ಮಾವತಿಯ ಕಣ್ಣಿಗೆ ಬಿತ್ತು. "ನನ್ನಿಂದ ಆಗಲ್ಲ ಬುಡಪ್ಪ" ಎಂದು ಹೊರಟು ಹೋದಳು.

ಗುರುಕಿರಣ್ ಬೆಂಗಳೂರಿನ ಒಬ್ಬರ ದನಿಯಲ್ಲಿ ಮಾತು ಹೇಳಿಸಿ ತಂದ. ಶೆಡ್ಡಿನಲ್ಲಿ ಎಲ್ಲರೂ ಕೂತು ನೋಡಿದರು. ಕೊಳಲು, ಮಂಜು ಮಂಜಾದ ಬೆಳಕು, "ಪರಂಪರೆಯ ಎಳೆಗಳಲ್ಲಿ ನೇಯ್ದ ಕನಸುಗಳು" ಎಂಬ ಇಂಪಾದ ಗಂಟಲು. ಕೊನೆಯಲ್ಲಿ ಕೃಷ್ಣಪ್ಪನವರ ಆಸೆಯಂತೆ ನಿರ್ದೇಶಕರೆಲ್ಲರ ಹೆಸರು. ಮುಗಿದ ಮೇಲೆ ಸಂಘದ ಮೊದಲ ನೇಕಾರ್ತಿ ಚಿಕ್ಕಮಾದಮ್ಮ ಕೇಳಿದರು, "ಚೆನ್ನಾಗದೆ ಕಣಪ್ಪ. ಇದು ಯಾವೂರ ಸಂಘದ್ದು?"

ಗುರುಕಿರಣ್‌ನೇ ಒಪ್ಪಿಕೊಂಡ: "ಅಜ್ಜಿ ಹೇಳಿದ್ದು ಸರಿ. ಯಾವ ಊರಿಗೆ ಅಂಟಿಸಿದರೂ ಅಂಟುತ್ತೆ ಇದು."

ಮಾರನೆಯ ದಿನ ಮಳಿಗೆಗೆ ಒಬ್ಬ ಹೆಂಗಸು ದಡಬಡ ನುಗ್ಗಿದಳು. ಕಿಟಕಿಯಲ್ಲಿ ತೂಗುಹಾಕಿದ್ದ ಅರಿಶಿನ ಬಣ್ಣದ ಹತ್ತಿ ಸೀರೆ ಕೇಳಿದಳು. ಬೆಲೆ ಕೇಳಿ ಹುಬ್ಬೇರಿಸಿದಳು. "ಅದೇನ್ರೀ ಅಷ್ಟೊಂದು ಇದಕ್ಕೆ? ಬೇಗ ಹೇಳಿ, ಹೊರಗೆ ಆಟೋ ಕಾಯ್ತಿದೆ."

ಆಟೋದವನು ಹಾರ್ನ್ ಒತ್ತಿದ. ಪದ್ಮಾವತಿ ಸೀರೆಯ ಅಂಚನ್ನು ಅವಳ ಬೆರಳಿಗೆ ಹಿಡಿಸಿದಳು. "ಇದಕ್ಕೆ ಕರೆಂಟ್ ಮುಟ್ಟಿಲ್ಲಮ್ಮ" ಎಂದು ಶುರು ಮಾಡಿದಳು. ಏನು ಹೇಳಿದಳೋ, ಹೆಚ್ಚು ಯೋಚಿಸಲಿಲ್ಲ. ಮಜ್ಜಿಗೆಯೂ ಇಲ್ಲ, ಗಂಜಿಯೂ ಇಲ್ಲ. ಮಾತು ನಿಂತಾಗ ಆ ಹೆಂಗಸು ಬಾಗಿಲಿಗೆ ಹೋಗಿ, "ನೀವು ಹೋಗಿಪ್ಪಾ, ನಾನು ಆಮೇಲೆ ಬರ್ತೀನಿ" ಎಂದು ಆಟೋವನ್ನೇ ಕಳಿಸಿ, ಒಳಗೆ ಬಂದು ಕೂತಳು. ಇನ್ನೊಂದು ಬಣ್ಣದ್ದೂ ತೋರಿಸಿ ಎಂದಳು.

ಅವಳು ಹೋದ ಕೂಡಲೇ ಪದ್ಮಾವತಿ ಫೋನು ಎತ್ತಿಕೊಂಡಳು. "ಗುರುಕಿರಣ್, ಸಿಕ್ತು ಕಣೋ! ಹೊರಗೆ ಆಟೋ ನಿಂತಿದೆ ಅಂದ್ಕೊಂಡು ಹೇಳಬೇಕು, ಅಷ್ಟೇ."

ಅವನು ಅರ್ಧ ನಂಬಿ ಬಂದ. ಶೆಡ್ಡಿನಲ್ಲಿ ಮಗ್ಗಗಳ ಸದ್ದು, ಮಾತು ಕೇಳಿಸದು. ಹಾಗಾಗಿ ಮೊದಲು ಬರೀ ಕೆಲಸವನ್ನು, ಫೋನಿನಲ್ಲಿ ನೋಡಲು ಒಪ್ಪುವಂತೆ ಕ್ಯಾಮೆರಾ ನೆಟ್ಟಗೆ ಹಿಡಿದು ತೆಗೆದ. ಮಗ್ಗದಲ್ಲಿ ಕೂತ ಚಿಕ್ಕಮಾದಮ್ಮನ ಮುಖ, ಪೆಡಲು ತುಳಿಯುವ ಅವರ ಪಾದ, ಎರಡಾಗಿ ಬಾಯಿಬಿಡುವ ಹಾಸಿನ ಉದ್ದೆಳೆಗಳು, ನಡುವೆ ಹೊಕ್ಕಿನ ಅಡ್ಡೆಳೆ ಎಳೆದೊಯ್ಯುವ ಲಾಳಿಯ ಓಟ, ಎಳೆ ಬಿಗಿಸುವ ಬಾಚಣಿಗೆಯಂಥ ಹಣಿಗೆ, ರಾಟೆ ತಿರುಗಿಸುತ್ತಾ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೃಷ್ಣಪ್ಪನವರ ಬೆರಳು. ಮಗ್ಗದ ಸದ್ದನ್ನು ಬೇರೆಯಾಗಿ ಹಿಡಿದಿಟ್ಟುಕೊಂಡ. ಪದ್ಮಾವತಿಯ ದನಿಗೆ ಬಟ್ಟೆ ಪೇರಿಸಿಟ್ಟ ಉಗ್ರಾಣದ ಕೋಣೆ ಆರಿಸಿದ. ಸುತ್ತ ಬಟ್ಟೆಯಿದ್ದರೆ ದನಿ ಗೋಡೆಗೆ ಬಡಿದು ಮಾರ್ದನಿಸುವುದಿಲ್ಲ.

ಪದ್ಮಾವತಿ ಕಣ್ಣು ಮುಚ್ಚಿಕೊಂಡು ಹೇಳಿದಳು:

"ಈ ಸೀರೆಗೆ ಕರೆಂಟ್ ಮುಟ್ಟಿಲ್ಲ. ಮೈಸೂರಿನ ಮೇಟಗಳ್ಳೀಲಿ ನೂಲಿನ ಗಿರಣಿ ಮುಚ್ಚಿದಾಗ ನಾವು ಮನೇಲಿ ಕೂರ್ಲಿಲ್ಲ. ಹಳೇ ಮಗ್ಗ ತಂದ್ವಿ, ಚಿಕ್ಕಮಾದಮ್ಮ ಕಲಿಸಿದ್ರು. ಕಾಲಲ್ಲಿ ತುಳಿದ್ರೆ ಹಾಸು ಬಾಯ್ಬಿಡುತ್ತೆ. ಕೈಲಿ ಹಗ್ಗ ಎಳೆದ್ರೆ ಲಾಳಿ ಓಡುತ್ತೆ, ಹೊಕ್ಕು ಕೂರುತ್ತೆ. ಹಣಿಗೆ ಬಡಿದ್ರೆ ಬಟ್ಟೆ. ಅಂಚು ಮುಟ್ಟಿ ನೋಡಿ. ಎಲ್ಲೋ ಒಂದು ಕಡೆ ಚೂರು ಹೆಚ್ಚು ಕಡಿಮೆ ಇರುತ್ತೆ. ಅದು ತಪ್ಪಲ್ಲ, ಅದು ನಮ್ಮ ಕೈ."

ಗುರುಕಿರಣ್ ಕಿವಿಯ ಹೆಡ್‌ಫೋನು ತೆಗೆದು ಅವಳ ಕಾಲಿಗೆ ಬೀಳುವವನಂತೆ ಬಗ್ಗಿದ. "ಅಕ್ಕಾ, ಕೊನೇಲಿ ಸಂಘದ ಹೆಸರು ಹಾಕೋಕ್ಕೂ ಜಾಗ ಉಳೀತು!" ಸದ್ದು ಮುಚ್ಚಿ ನೋಡುವವರಿಗಾಗಿ ಮಾತನ್ನೆಲ್ಲ ಕೆಳಗೆ ಅಕ್ಷರದಲ್ಲೂ ಕೂಡಿಸಿದ. ಸರ್ರನೆ ಬೆರಳಾಡಿಸುವವರು ನಿಲ್ಲಬೇಕೆಂದು ಚಿತ್ರದ ಮೊದಲಿಗೇ ಓಡುವ ಲಾಳಿಯನ್ನಿಟ್ಟ.

ಕೃಷ್ಣಪ್ಪನವರು ನೋಡಿ ಗಂಟಲು ಸರಿಮಾಡಿಕೊಂಡರು. "ನಿರ್ದೇಶಕರ ಹೆಸರು?"

"ಹೆಸರು ಓದೋಷ್ಟರಲ್ಲಿ ಜನ ಮುಂದಕ್ಕೆ ಹೋಗ್ತಾರೆ, ಅಧ್ಯಕ್ಷರೇ" ಎಂದಳು ಪದ್ಮಾವತಿ. "ಅದಕ್ಕೇ ನಿಮ್ಮ ಕೈನೇ ಹಾಕಿದ್ದೀವಿ."

ಕೃಷ್ಣಪ್ಪನವರು ಚಿತ್ರವನ್ನು ಮತ್ತೆ ಹಾಕಿಸಿದರು. ರಾಟೆ ಬಂದಾಗ ತಮ್ಮ ಬೆರಳನ್ನೇ ನೋಡಿಕೊಂಡರು. ಆ ಗಿರಣಿಯಲ್ಲಿ ಕೆಲಸ ಕಳಕೊಂಡವರಲ್ಲಿ ಅವರೂ ಒಬ್ಬರು. "ಸರಿ, ಇದೇ ಹೋಗಲಿ" ಎಂದರು.

ಮೇಳದ ಮೊದಲ ಸಂಜೆ ಬೇರೆ ಬೇರೆ ಸಂಘದ ಚಿತ್ರಗಳು ಬಂದು ಹೋದವು. ಜನ ಚುರುಮುರಿ ತಿನ್ನುತ್ತಾ ಅಡ್ಡಾಡುತ್ತಿದ್ದರು. ಆಮೇಲೆ ಪರದೆಯ ಮೇಲೆ ಲಾಳಿ ಓಡಿತು. "ಈ ಸೀರೆಗೆ ಕರೆಂಟ್ ಮುಟ್ಟಿಲ್ಲ" ಎಂದು ಪದ್ಮಾವತಿಯ ದನಿ ಮೈದಾನದ ತುಂಬ ಕೇಳಿತು. ನಡೆಯುತ್ತಿದ್ದವರು ನಿಂತರು. "ಅದು ನಮ್ಮ ಕೈ" ಎನ್ನುವಾಗ ಚಪ್ಪಾಳೆ ಬಿತ್ತು, ಯಾರೋ ಶಿಳ್ಳೆ ಹಾಕಿದರು. ಮೇಳದಲ್ಲಿ ಸಂಘ ಹಾಕಿದ್ದ ಮಳಿಗೆಯ ಮುಂದೆ ಗುಂಪು ಸೇರಿತು. ಎಲ್ಲರ ಬಾಯಲ್ಲೂ ಒಂದೇ ಮಾತು: "ಎಲ್ಲಿ, ಆ ಅಂಚು ತೋರ್ಸಿ!" ಒಬ್ಬರ ಬೆರಳಿಗೆ ಆ ಹೆಚ್ಚು ಕಡಿಮೆ ಸಿಕ್ಕಾಗ ಮಕ್ಕಳಂತೆ ಹಿಗ್ಗಿ ಪಕ್ಕದವರಿಗೆ ತೋರಿಸಿದರು. ಈ ಏರುಪೇರಿಗಾಗಿ ಹಿಂದೆ ಸೀರೆ ವಾಪಸು ಮಾಡಿದವರೂ ಇದ್ದರು; ಈಗ ಅದೇ ಬೇಕು ಎಂದು ಕೇಳುತ್ತಿದ್ದರು.

ಚಿತ್ರ ಫೋನಿಂದ ಫೋನಿಗೆ ಹೋಯಿತು. ಮೇಳ ಮುಗಿಯುವ ಮೊದಲೇ ಮಳಿಗೆಯ ಕಪಾಟು ಖಾಲಿ. ಧಾರವಾಡದಿಂದ ಫೋನು, ಚೆನ್ನೈಯಿಂದ ಫೋನು. ಮೇಳದ ಕೊನೆಯ ಮಧ್ಯಾಹ್ನ ಬಂದ ಒಂದು ಕುಟುಂಬವನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಪದ್ಮಾವತಿ ಶೆಡ್ಡಿಗೆ ಫೋನು ಮಾಡಿದಳು. "ಮಗ್ಗದ ಮೇಲಿರೋದು ಎಲ್ಲಿಗೆ ಬಂತು?"

"ಸೆರಗು ಮುಗೀತಾ ಅದೆ" ಎಂದರು ಚಿಕ್ಕಮಾದಮ್ಮ.

"ಮುಗಿಸಿ, ಕತ್ತರಿಸಿ ಕಳಿಸಿ!"

ಗುರುಕಿರಣ್ ಬೈಕಿನಲ್ಲಿ ಹೋದ. ವಾಪಸು ಬಂದಾಗ ಹಿಂದೆ ಚಿಕ್ಕಮಾದಮ್ಮನೇ ಕೂತಿದ್ದರು, ಮಡಿಚಿದ ಸೀರೆಯನ್ನು ಎದೆಗೊತ್ತಿಕೊಂಡು. ಜನ ದಾರಿ ಬಿಟ್ಟರು. "ಅಗೋ, ಅದೇ ಅಜ್ಜಿ!" ಎಂದು ಒಂದು ಮಗು ಕೂಗಿತು. ಚಿಕ್ಕಮಾದಮ್ಮ ಸೀರೆ ಬಿಡಿಸಿ ಹಿಡಿದರು. ನೇಯ್ಗೆಯ ಗಂಜಿ ಇನ್ನೂ ಗರಿಗರಿಯಾಗಿತ್ತು. ಅದರ ಇನ್ನೊಂದು ತುದಿಯನ್ನು ಪದ್ಮಾವತಿ ಎರಡೂ ಕೈಯಲ್ಲಿ ಹಿಡಿದು, ನೋಯುವ ಭುಜವನ್ನು ಮರೆತು, ತಲೆಗಿಂತ ಮೇಲಕ್ಕೆ ಎತ್ತಿದಳು.