ಬಾಟಲಿಯ ಪಕ್ಕೆ ಅಲುಗುವುದಿಲ್ಲ

ಮೂಡಿಗೆರೆಯ ತಾಲ್ಲೂಕು ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಹೋದದ್ದು ಬಾಟಲಿ, ಬಲೂನುಗಳಿಂದ ಮಾಡಿದ ಶ್ವಾಸಕೋಶದ ಮಾದರಿ. ಬುಡ ಕತ್ತರಿಸಿದ ನೀರಿನ ಬಾಟಲಿ, ಅಲ್ಲಿ ಎದೆಗೂಡಿನ ತಳದ ಪರದೆಯಾದ ವಪೆಯ ಬದಲು ಬಿಗಿದ ರಬ್ಬರ್ ಹಾಳೆ, ಮುಚ್ಚಳದಿಂದ ಇಳಿದ ಕವಲು ಕೊಳವೆಯ ತುದಿಗಳಲ್ಲಿ ಎರಡು ಬಲೂನು. ಹಾಳೆಯನ್ನು ಕೆಳಗೆಳೆದರೆ ಬಾಟಲಿಯೊಳಗೆ ಜಾಗ ಹೆಚ್ಚಿ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಕೊಳವೆಯಲ್ಲಿ ನುಗ್ಗಿ ಬಲೂನುಗಳು ಉಬ್ಬುತ್ತವೆ.

ವಿವರಿಸಬೇಕಾದವಳು ಒಂಬತ್ತನೆಯ ತರಗತಿಯ ಹುಡುಗಿ. ಅವಳು ಬರೆದುಕೊಂಡ ಮಾತಿನಲ್ಲಿ ಅರ್ಧದಷ್ಟು, ಮಾದರಿ ಎಲ್ಲೆಲ್ಲಿ ದಾರಿ ತಪ್ಪಿಸುತ್ತದೆ ಎಂಬುದೇ. ವಿಜ್ಞಾನದ ಟೀಚರಾದ ನನಗೆ ಅದು ಬಹಳ ಹಿಡಿಸಿತು. ಹೆಡ್‌ಮಾಸ್ಟರಿಗೆ ಹಿಡಿಸಲಿಲ್ಲ.

"ನಮ್ಮ ಮಾದರಿ ತಪ್ಪು ಅಂತ ನಾವೇ ಹೇಳ್ಕೊಳ್ಳೋದಾ ಮಾರಾಯ್ತಿ? ಜಿಲ್ಲೆಗೆ ಹೋಗ್ಬೇಕೋ ಬೇಡ್ವೋ?"

"ಹೋಗ್ಬೇಕು ಸಾರ್," ಅಂದಳು ಹುಡುಗಿ.

"ಕೊಡೋದು ಮೂರೇ ನಿಮಿಷ. ಮಾತು ಉದ್ದ ಆಯ್ತು."

"ಮೂರು ನಿಮಿಷಕ್ಕೆ ಹೊಂದಿಸ್ತೀನಿ ಸಾರ್," ಅಂದಳು. ಏನನ್ನು ತೆಗೆಯುತ್ತೇನೆ ಅಂತ ಹೇಳಲಿಲ್ಲ.

ಮೂಡಿಗೆರೆಯಲ್ಲಿ ಎಲ್ಲ ಮೇಜುಗಳಿಂದಲೂ ಒಂದೇ ಧಾಟಿ: ಮಾನ್ಯ ತೀರ್ಪುಗಾರರಿಗೆ ನಮಸ್ಕಾರ, ಶಾಲೆಯ ಹೆಸರು, ಮುಖ್ಯೋಪಾಧ್ಯಾಯರ ಹೆಸರು, ಮಾರ್ಗದರ್ಶಕ ಶಿಕ್ಷಕರ ಹೆಸರು, ಎಲ್ಲರಿಗೂ ಕೃತಜ್ಞತೆ. ನಮ್ಮ ಮೇಜಿನ ಮುಂದೆ ತೀರ್ಪುಗಾರ್ತಿ ನಿಂತದ್ದೇ ಹುಡುಗಿ ಹಾಳೆ ಎಳೆದಳು.

"ಇದರಲ್ಲಿ ಸರಿ ಇರೋದು ಇದು. ಜಾಗ ಹೆಚ್ಚಿತು, ಗಾಳಿ ಬಂತು. ಈಗ ಪಕ್ಕೆಗೆ ಕೈಯಿಟ್ಟು ಉಸಿರು ಎಳ್ಕೊಳ್ಳಿ ಮೇಡಂ. ಪಕ್ಕೆ ಹೊರಗೆ ಬಂತಲ್ಲ? ಬಾಟಲಿದು ಬರಲ್ಲ."

ತೀರ್ಪುಗಾರ್ತಿ ಕೈಯಿಟ್ಟರು. ಹಿಂದೆ ನಿಂತಿದ್ದ ಹೆಡ್‌ಮಾಸ್ಟರೂ ಇಟ್ಟದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಇಡಲಿಲ್ಲ ಅಂತ ಅವರು ಈಗಲೂ ವಾದಿಸುತ್ತಾರೆ. ಹೇಳಲು ಸುಖವಾಗಿದೆ ಅಂತ ನಾನೇ ಸೇರಿಸಿಕೊಂಡಿರಲೂಬಹುದು.

ಅವಳು ನಿಲ್ಲಿಸಲಿಲ್ಲ. "ನಿಜವಾದ ವಪೆ ಹೀಗೆ ಜೋತುಬೀಳಲ್ಲ. ಮೇಲಕ್ಕೆ ಉಬ್ಬಿರುತ್ತೆ, ಉಸಿರು ಎಳ್ಕೊಂಡಾಗ ತಗ್ಗುತ್ತೆ. ಅದನ್ನ ಯಾರೂ ಕೆಳಗಿಂದ ಎಳೆಯಲ್ಲ, ಅದೇ ಸ್ನಾಯು. ಬಲೂನು ಬರೀ ಚೀಲ, ಶ್ವಾಸಕೋಶದ ತುಂಬ ಸಣ್ಣ ಸಣ್ಣ ಗಾಳಿಗೂಡು. ಬಲೂನಿಗೂ ಬಾಟಲಿಗೂ ಮಧ್ಯೆ ಇಷ್ಟು ಗಾಳಿ ಇದೆ. ಎದೆಯೊಳಗೆ ಅಲ್ಲಿ ತೆಳ್ಳಗಿನ ದ್ರವದ ಪದರ ಅಷ್ಟೆ."

"ಇಷ್ಟು ತಪ್ಪಿರೋದನ್ನ ಯಾಕಮ್ಮ ತಂದೆ?"

"ಗಾಳಿ ಯಾಕೆ ಒಳಗೆ ಬರುತ್ತೆ ಅಂತ ತೋರಿಸೋಕೆ ಇದಕ್ಕಿಂತ ಸುಲಭದ್ದು ಸಿಗ್ಲಿಲ್ಲ ಮೇಡಂ. ಶ್ವಾಸಕೋಶ ಹೇಗಿರುತ್ತೆ ಅಂತ ಕೇಳಿದ್ರೆ ಮಾತ್ರ ಇದನ್ನ ನಂಬಬೇಡಿ."

ಗಂಟೆ ಹೊಡೆಯಿತು. ಅವಳು ಕೈಬಿಟ್ಟದ್ದು ನಮಸ್ಕಾರವನ್ನು, ನಮ್ಮೆಲ್ಲರ ಹೆಸರುಗಳನ್ನು ಅಂತ ನನಗೆ ಆಗ ಹೊಳೆಯಿತು. ಅಷ್ಟು ಧೈರ್ಯ ನನಗಂತೂ ಬರುತ್ತಿರಲಿಲ್ಲ.

ಸಂಜೆ ಜಿಲ್ಲೆಗೆ ಆಯ್ಕೆಯಾದವರಲ್ಲಿ ಅವಳಿದ್ದಳು.

"ನನ್ನ ಹೆಸರು ನುಂಗಿ ನೀರು ಕುಡಿದ್ಯಲ್ಲೇ!" ಅಂತ ಹೆಡ್‌ಮಾಸ್ಟರು ಗದರಿದರು, ನಗು ತಡೆಯಲಾಗದೆ. "ಹೋಗ್ಲಿ. ಚಿಕ್ಕಮಗಳೂರಲ್ಲಿ ನಾಲ್ಕು ನಿಮಿಷ ಕೊಡ್ತಾರಂತೆ."

ಹುಡುಗಿಯ ಮುಖ ಅರಳಿತು. "ಹಾಗಾದ್ರೆ ಬಲೂನು ಪೂರ್ತಿ ಚಪ್ಪಟೆ ಆಗೋದನ್ನೂ ಸೇರಿಸ್ತೀನಿ ಸಾರ್. ಎಷ್ಟೇ ಉಸಿರು ಬಿಟ್ರೂ ನಮ್ಮ ಶ್ವಾಸಕೋಶದಲ್ಲಿ ಸ್ವಲ್ಪ ಗಾಳಿ ಉಳಿದೇ ಇರುತ್ತೆ."